ಸಂಘ ಮುಚ್ಚುವ ಸಭೆ: ನಡಾವಳಿ ಬರೆಯುವುದು ಹೀಗೆ

ಸಂಘ ವಿಸರ್ಜನೆಯ ನಡಾವಳಿ ಕೆಡುವುದು ಹೆಚ್ಚಾಗಿ ಒಂದೇ ಸಾಲಿನಲ್ಲಿ: ‘ಉಳಿದ ಹಣವನ್ನು ಸದಸ್ಯರು ಸಮನಾಗಿ ಹಂಚಿಕೊಳ್ಳಲು ತೀರ್ಮಾನಿಸಲಾಯಿತು.’ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಹೀಗೆ ಹಂಚುವಂತಿಲ್ಲ. ಉಳಿದದ್ದರಲ್ಲಿ ಎಲ್ಲರಿಗೂ ಒಂದು ಪಂದಿ ಕರಿ ಊಟ ಹಾಕಿಸೋಣ ಎನ್ನುವವರೂ ಇರುತ್ತಾರೆ. ಅದೂ ಹಂಚಿಕೆಯೇ ಅಲ್ವಾ?

ನೋಟಿಸ್ ಬೈಲಾದಲ್ಲಿ ಹೇಳಿದಷ್ಟು ದಿನ ಮೊದಲೇ ಹೋಗಲಿ, ಅದರಲ್ಲಿ ‘ವಿಸರ್ಜನೆ’ ಎಂಬ ಪದ ಇರಲಿ. ಕಾಫಿ ಕುಯ್ಲಿನ ಸಮಯದಲ್ಲಿ, ಜುಲೈ ಮಳೆಯಲ್ಲಿ ಸಭೆ ಬೇಡ, ಜನ ಬರುವುದಿಲ್ಲ. ‘ಬಹುಮತದಿಂದ’ ಎಂದಷ್ಟೇ ಬರೆದರೆ ಸಾಲದು. ಒಟ್ಟು ಸದಸ್ಯರು 42, ಹಾಜರು 36, ಪರ 35, ವಿರುದ್ಧ 1 ಎಂದು ಅಂಕಿ ಹಾಕಿ.

ಕಷ್ಟದ ಭಾಗ ಸಾಲದ ಠರಾವು. ಸೋಮವಾರಪೇಟೆ ಕಡೆಯ ಒಂದು ಯುವಕ ಸಂಘ ಎಂದುಕೊಳ್ಳಿ. ಬ್ಯಾಂಕಿನಲ್ಲಿ 1,86,400 ರೂಪಾಯಿ ಇದೆ. ಕೊಡಬೇಕಾದದ್ದು: ಶಾಮಿಯಾನದವರಿಗೆ 12,000, ಆಡಿಟರ್‌ಗೆ 8,000, ಕರೆಂಟ್ ಬಿಲ್ 1,350, ಕಾವಲುಗಾರನ ಸಂಬಳ ಬಾಕಿ 18,000, ಸದಸ್ಯರೊಬ್ಬರು ಕೊಟ್ಟ ಕೈಸಾಲ 25,000. ಒಟ್ಟು 64,350. ‘ಬಾಕಿ ತೀರಿಸಲಾಗುವುದು’ ಎಂದು ಸುಮ್ನೆ ಬರೆದು ಮುಗಿಸಬೇಡಿ. ಯಾರಿಗೆ, ಎಷ್ಟು, ಯಾವ ಬಿಲ್ಲಿಗೆ, ಯಾವ ತಾರೀಕಿನೊಳಗೆ ಎಂದು ಒಂದೊಂದಾಗಿ ಬರೆಯಿರಿ. ಆ ಕೈಸಾಲ ಸದಸ್ಯರಿಗೇ ಹೋದರೂ ಅದು ಹಂಚಿಕೆಯಲ್ಲ, ಸಾಲ. ಆದರೆ ಕೊಟ್ಟ ದಿನ ಲೆಕ್ಕದ ಪುಸ್ತಕಕ್ಕೆ ಏರಿರಬೇಕು. ಇಲ್ಲದಿದ್ದರೆ ಅನುಮಾನ ಹುಟ್ಟುವುದು ಅಲ್ಲೇ.

ಇದೇ ಠರಾವಿನಲ್ಲಿ ಚೆಕ್ಕಿಗೆ ಸಹಿ ಹಾಕುವ ಇಬ್ಬರ ಹೆಸರೂ ಬರಲಿ: ‘ಎಲ್ಲ ಬಾಕಿ ತೀರುವವರೆಗೆ ಖಾತೆ ನಡೆಸಲು ಈ ಇಬ್ಬರಿಗೆ ಅಧಿಕಾರ ಕೊಡಲಾಗಿದೆ.’ ಇದನ್ನು ಬಿಟ್ಟರೆ, ಸಂಘವೇ ಇಲ್ಲವಲ್ಲ, ಸಹಿ ಯಾರದ್ದು ಎಂದು ಬ್ಯಾಂಕಿನವರು ಕೇಳುತ್ತಾರೆ. ಸಾಲ ತೀರುವ ಮೊದಲು ಖಾತೆ ಮುಚ್ಚಲೇಬೇಡಿ.

ಈಗ ಉಳಿದದ್ದು 1,22,050. ಓಡಾಟ, ಕೊನೆಯ ಆಡಿಟ್ ಖರ್ಚಿಗೆ 10,000 ತೆಗೆದಿಟ್ಟರೆ 1,12,050. ಇದನ್ನು ‘ಯಾವುದಾದರೂ ಒಳ್ಳೆಯ ಸಂಸ್ಥೆಗೆ’ ಎಂದು ಬರೆದರೆ ಆಗುವುದಿಲ್ಲ. ಇದೇ ಉದ್ದೇಶದ ಇನ್ನೊಂದು ನೋಂದಾಯಿತ ಸಂಘದ ಹೆಸರು, ನೋಂದಣಿ ಸಂಖ್ಯೆ ಬರೆಯಿರಿ. ಅವರಿಂದ ಒಪ್ಪಿಗೆ ಪತ್ರವನ್ನು ಮೊದಲೇ ತರಿಸಿಕೊಳ್ಳಿ. ಹತ್ತು ಸಾವಿರದಲ್ಲಿ ಏನಾದರೂ ಉಳಿದರೆ ಅದೂ ಅವರಿಗೇ ಎಂದು ಸೇರಿಸಿ. ಕುರ್ಚಿ, ಪಾತ್ರೆ, ಹಾಕಿ ಸ್ಟಿಕ್ಕುಗಳನ್ನೂ ಎಣಿಸಿ ಪಟ್ಟಿ ಮಾಡಿ. ಸರ್ಕಾರಿ ಅನುದಾನದಲ್ಲಿ ಕೊಂಡ ಸಾಮಾನಿದ್ದರೆ ಬೇರೆ ಬರೆಯಿರಿ, ಅನುದಾನದ ಷರತ್ತು ನೋಡದೆ ಕೊಡಬೇಡಿ.

ಟೈಪಿಂಗ್ ಅಂಗಡಿಯ ರೆಡಿಮೇಡ್ ನಮೂನೆ ನನಗೆ ಹಿಡಿಸದು. ಅದರಲ್ಲಿ ‘ಸರ್ವಾನುಮತದಿಂದ’ ಎಂದು ಮೊದಲೇ ಅಚ್ಚಾಗಿರುತ್ತದೆ, ವಿರೋಧಿಸಿದ ಆ ಒಬ್ಬರು ಆಮೇಲೆ ತಕರಾರು ಎತ್ತುತ್ತಾರೆ. ನಡಾವಳಿ ಪುಸ್ತಕದಲ್ಲೇ ಕೈಯಲ್ಲಿ ಬರೆದು, ಅಲ್ಲೇ ಸಹಿ ಮಾಡಿಸಿ. ದೃಢೀಕರಿಸಿದ ಪ್ರತಿ, ಬಾಕಿ ತೀರಿಸಿದ ರಸೀದಿಗಳು, ಕೊನೆಯ ಲೆಕ್ಕ ಇಷ್ಟನ್ನೂ ಮಡಿಕೇರಿಯಲ್ಲಿ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.