ಅಜ್ಜಿಯ ಟ್ಯಾಬ್‌ನಲ್ಲಿ 12 ತುಂಡಿನ ಗೊಂಬೆ ಹಬ್ಬ

ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿಗೆ ಟ್ಯಾಬ್ ಕೊಟ್ಟ ದಿನ, ದಸರಾ ದೀಪಾಲಂಕಾರದ ಅರಮನೆ ಫೋಟೊವನ್ನೇ ಜಿಗ್‌ಸಾ ಪಜಲ್ ಮಾಡಿಕೊಟ್ಟೆ. ಹತ್ತು ನಿಮಿಷಕ್ಕೆ ಟ್ಯಾಬ್ ಪಕ್ಕಕ್ಕಿಟ್ಟರು. "ಎಲ್ಲಾ ಬಲ್ಬೂ ಒಂದೇ ಥರ ಇದೆಯಲ್ಲೋ, ಯಾವುದನ್ನ ಎಲ್ಲಿಡಲಿ?" ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಚಿತ್ರ ಆರಿಸಿದ್ದು ನಾನು.

ಹಿರಿಯರಿಗೆ ಮೊದಲ ಆಟವಾಗಿ ಜಿಗ್‌ಸಾ ಒಳ್ಳೆಯದು. ಸಣ್ಣ ಅಕ್ಷರ ಓದಬೇಕಿಲ್ಲ, ತಪ್ಪಿಟ್ಟರೆ ತುಂಡು ಅಂಟಿಕೊಳ್ಳುವುದಿಲ್ಲ, ಅಷ್ಟೇ. ಮನೆಯ ಫೋಟೊ ಹಾಕಲು ಬಿಡುವ, ಸಮಯದ ಲೆಕ್ಕ ಇಡದ ಆ್ಯಪ್ ಹುಡುಕಿ.

ಮೊದಲು ಟ್ಯಾಬನ್ನು ಹದಮಾಡಿ. ವಯಸ್ಸಾದವರ ಬೆರಳು ತೆರೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಟ್ಯಾಬ್ ಅದನ್ನು "ಒತ್ತಿ ಹಿಡಿದಿದ್ದಾರೆ" ಎಂದುಕೊಂಡು ಐಕಾನ್‌ಗಳನ್ನು ಜರುಗಿಸಿಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ Settings ತೆರೆದು, ಹುಡುಕುವ ಜಾಗದಲ್ಲಿ touch and hold ಎಂದು ಬರೆಯಿರಿ. ಸಿಕ್ಕಿದ ಆಯ್ಕೆಯನ್ನು Long ಮಾಡಿ. ತೆರೆ ಆರುವ ಅವಧಿಯನ್ನೂ 10 ನಿಮಿಷಕ್ಕೆ ಏರಿಸಿ. ಯೋಚಿಸುತ್ತಾ ಕೂತಾಗ ತೆರೆ ಕಪ್ಪಾದರೆ "ಕೆಟ್ಟುಹೋಯ್ತು" ಎಂದು ಎದ್ದುಬಿಡುತ್ತಾರೆ.

ಇನ್ನು ಚಿತ್ರ. ಆಕಾಶ, ಕೆರೆ, ಗದ್ದೆಯ ಹಸಿರು, ರಾತ್ರಿಯ ದೀಪ ಬೇಡ, ತುಂಡುಗಳೆಲ್ಲ ಒಂದೇ ಥರ ಕಾಣುತ್ತವೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುವುದರಿಂದ ನೀಲಿ ಮತ್ತು ಹಸಿರು ಬೇರೆ ಮಾಡುವುದೂ ಕಷ್ಟ. ನಾನು ಆಮೇಲೆ ಹಾಕಿದ್ದು ನಮ್ಮದೇ ಗೊಂಬೆ ಹಬ್ಬದ ಫೋಟೊ. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟರ ಅಂಗಡಿ, ಪ್ರತಿ ಮೆಟ್ಟಿಲಿಗೂ ಬೇರೆ ಬಣ್ಣ.

ತುಂಡುಗಳು 12 ಸಾಕು. ತುಂಡು ತಿರುಗಿಸುವ ಆಯ್ಕೆ ಇದ್ದರೆ ಆಫ್ ಮಾಡಿ, ಮಾದರಿ ಚಿತ್ರ ಪಕ್ಕದಲ್ಲಿ ಕಾಣಲಿ. ಮೊದಲ ಸಲ ಜೊತೆಯಲ್ಲಿ ಕೂತು ನಾಲ್ಕು ಮೂಲೆ ನೀವೇ ಇಟ್ಟುಕೊಡಿ, ಮಿಕ್ಕಿದ್ದಕ್ಕೆ ಕೈ ಹಾಕಬೇಡಿ. (ಇದು ಬಹಳ ಕಷ್ಟದ ಕೆಲಸ!)

ಆಟಕ್ಕೆ ಮುನ್ನ ಏರೋಪ್ಲೇನ್ ಮೋಡ್ ಹಾಕಿದರೆ ಜಾಹೀರಾತು ಬಹುಮಟ್ಟಿಗೆ ನಿಲ್ಲುತ್ತದೆ. ಸಾಸಿವೆ ಕಾಳಿನಷ್ಟಿರುವ ಆ ಮುಚ್ಚುವ ಗುರುತನ್ನು ಒತ್ತಲು ಹೋಗಿ ಇನ್ನೆಲ್ಲೋ ಒತ್ತುವುದೇ ಹೆಚ್ಚು. ಕೆಲವು ಆ್ಯಪ್‌ಗಳು ನೆಟ್ ಇಲ್ಲದೆ ತೆರೆಯುವುದೇ ಇಲ್ಲ, ಕೊಡುವ ಮೊದಲು ನೀವೇ ನೋಡಿಕೊಳ್ಳಿ.

ಒಂದೇ ಚಿತ್ರವನ್ನು ಎರಡು ಮೂರು ದಿನ ಸಲೀಸಾಗಿ ಜೋಡಿಸಿದರೆ ಚಿತ್ರ ಬದಲಿಸಿ, ತುಂಡು ಹೆಚ್ಚಿಸುವುದು ಆಮೇಲೆ. ಒಂದೇ ತುಂಡನ್ನು ಎಲ್ಲ ಕಡೆ ಇಟ್ಟು ನೋಡುತ್ತಿದ್ದರೆ ಆಟ ಭಾರವಾಗಿದೆ ಎಂದರ್ಥ. ಇದನ್ನು ಮರೆವಿಗೆ ಮದ್ದು ಎಂದುಕೊಳ್ಳಬೇಡಿ. ಪಜಲ್ ಆಡಿದರೆ ಮುಖ್ಯವಾಗಿ ಪಜಲ್‌ನಲ್ಲಿ ಕೈ ಪಳಗುತ್ತದೆ. ಸಲೀಸಾಗಿ ಆಡುತ್ತಿದ್ದವರು ಇದ್ದಕ್ಕಿದ್ದಂತೆ ತಡವರಿಸಿದರೆ ವೈದ್ಯರಿಗೆ ತೋರಿಸಿ.

ನಮ್ಮಜ್ಜಿ ಈಗ 20 ತುಂಡಿಗೆ ಬಂದಿದ್ದಾರೆ. ಮೊನ್ನೆ ಕೊನೆಯ ತುಂಡು ಕೂರಿಸಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಶೆಟ್ರನ್ನ ಅಂಗಡಿಯಿಂದ ಇಷ್ಟು ದೂರ ಕೂರಿಸಿದವರು ಯಾರೋ?"