1,240 ಆರ್ಡರಿಗೆ 1,540 ಹಕ್ಕುದಾರರು: ಜಾಹೀರಾತಿನ ಲೆಕ್ಕ ನಾನು ಮಾಡಿದ ಬಗೆ

ನಾನು ಇಳಕಲ್ ಸೀರೆ ಮಾರುವ ಒಂದು ಆನ್‌ಲೈನ್ ಅಂಗಡಿಯ ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ಇನ್‌ಸ್ಟಾಗ್ರಾಮ್ ಜಾಹೀರಾತು, ಗೂಗಲ್ ಸರ್ಚ್ ಜಾಹೀರಾತು, ಕಮಿಷನ್ ಮೇಲೆ ಕೆಲಸ ಮಾಡುವ ಒಂದು ಕೂಪನ್ ಸೈಟ್, ವಾಟ್ಸಾಪ್ ಮೆಸೇಜ್. ಗಿರಾಕಿ ಬರುವ ದಾರಿಗಳು ಇಷ್ಟೇ. ಕಳೆದ ಜೂನ್‌ನಲ್ಲಿ ನಮಗೆ ಬಂದ ಆರ್ಡರ್ 1,240. ಆದರೆ ಇನ್‌ಸ್ಟಾಗ್ರಾಮ್‌ನ ಡ್ಯಾಶ್‌ಬೋರ್ಡ್ 690 ತನ್ನದು ಅಂದಿತು, ಗೂಗಲ್ 610 ಅಂದಿತು, ಕೂಪನ್ ಸೈಟ್ 240ಕ್ಕೆ ಬಿಲ್ ಕಳಿಸಿತು. ಕೂಡಿಸಿದರೆ 1,540. ವಾಟ್ಸಾಪ್‌ನಿಂದ ಬಂದವರು, ತಾವಾಗಿಯೇ ಬಂದವರು ಇದರಲ್ಲಿ ಸೇರಿಲ್ಲ.

ಇದು ಹೇಗೆ ಆಗುತ್ತದೆ ಅಂತ ತಿಳಿಯಲು ಒಂದೇ ಒಂದು ಆರ್ಡರನ್ನು ಹಿಡಿದು ಹಿಂದಕ್ಕೆ ಹೋದೆ. ಗದಗದ ಒಬ್ಬ ಹೆಂಗಸು 2,450 ರೂಪಾಯಿಯ ಸೀರೆ ಕ್ಯಾಶ್ ಆನ್ ಡೆಲಿವರಿಯಲ್ಲಿ ತಗೊಂಡಿದ್ದರು. ಗಿರಾಕಿ ಯಾವ ದಾರಿಯಿಂದ ಬಂದರು ಅಂತ ಹೇಳುವ ಗುರುತುಗಳು ಲಿಂಕ್‌ಗಳಲ್ಲಿ ಇರುತ್ತವೆ, `utm_source` ಮತ್ತು ಗೂಗಲ್ ಜಾಹೀರಾತಿನ `gclid`. ಎರಡನ್ನೂ ನಾವು ಆರ್ಡರ್ ಜೊತೆ ಉಳಿಸಿಕೊಳ್ಳುತ್ತೇವೆ. ಸೋಮವಾರ ರಾತ್ರಿ ರೀಲ್ ಮೇಲೆ ಒತ್ತಿ ಬಂದಿದ್ದಾರೆ. ಗುರುವಾರ ಗೂಗಲ್‌ನಲ್ಲಿ ನಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ, ಮೇಲೆ ಕಂಡ ನಮ್ಮದೇ ಜಾಹೀರಾತು ಒತ್ತಿದ್ದಾರೆ. ಹಣ ಕಟ್ಟುವ ಪುಟಕ್ಕೆ ಬಂದಾಗ ಕೂಪನ್ ಬಾಕ್ಸ್ ಕಂಡಿದೆ. ಕೋಡ್ ಹುಡುಕಿಕೊಂಡು ಆ ಸೈಟ್‌ಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಆರ್ಡರ್ ಹಾಕಿದ್ದಾರೆ. ಆರ್ಡರ್ ಖಾತ್ರಿ ಮಾಡಲು ನಮ್ಮ ಹುಡುಗಿ ಫೋನ್ ಮಾಡಿ, "ನಮ್ಮ ಅಂಗಡಿ ಎಲ್ಲಿ ನೋಡಿದ್ರಿ ಮೇಡಂ?" ಅಂತ ಕೇಳಿದಾಗ ಅವರು ಹೇಳಿದ್ದು, "ಇನ್‌ಸ್ಟಾದಾಗ ರೀಲ್ ನೋಡಿದ್ನಿರಿ."

ಮೂವರೂ ಈ ಮಾರಾಟ ನಮ್ಮದು ಅಂದರು. ಅವರವರ ನಿಯಮದ ಪ್ರಕಾರ ಅದು ಸುಳ್ಳೂ ಅಲ್ಲ. ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ನಮ್ಮ ಸೆಟ್ಟಿಂಗ್ ಪ್ರಕಾರ, ಜಾಹೀರಾತು ಒತ್ತಿದ 7 ದಿನದೊಳಗೆ ಕೊಂಡರೆ ಮಾರಾಟ ಅದರದು, ಸುಮ್ನೆ ನೋಡಿ 1 ದಿನದೊಳಗೆ ಕೊಂಡರೂ ಅದರದೇ. ಗೂಗಲ್‌ನಲ್ಲಿ ಒತ್ತಿದ ಮೇಲೆ 30 ದಿನ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವುದಿಲ್ಲ. ಆ ಸೀರೆಯಂತೂ ಕೊನೆಗೆ ಬಾಗಿಲವರೆಗೆ ಹೋಗಿ ವಾಪಸ್ ಬಂತು. ಮೂರೂ ಕಡೆ ಮಾರಾಟ ಅಂತಲೇ ಉಳಿದಿತ್ತು.

ಅದನ್ನು ನೋಡಿದ ಮೇಲೆ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಂಡೆ. ನಮಗೆ ಎಷ್ಟು ರೋಆಸ್ ಬಂದರೆ ನಷ್ಟವಿಲ್ಲ? ರೋಆಸ್ ಅಂದರೆ ಒಂದು ರೂಪಾಯಿ ಜಾಹೀರಾತಿಗೆ ಬಂದ ಮಾರಾಟ. "4 ಬಂದರೆ ಚೆನ್ನಾಗಿದೆ" ಅಂತ ಎಲ್ಲರೂ ಹೇಳುತ್ತಾರೆ, ಆದರೆ ಇದು ಅಂಗಡಿಯಿಂದ ಅಂಗಡಿಗೆ ಬೇರೆ. ನಮ್ಮಲ್ಲಿ 100 ಆರ್ಡರ್ ಬಂದರೆ, ಸರಾಸರಿ 2,000 ರೂಪಾಯಿಯಂತೆ ಡ್ಯಾಶ್‌ಬೋರ್ಡ್ 2 ಲಕ್ಷ ತೋರಿಸುತ್ತದೆ. ಅದರಲ್ಲಿ 20 ವಾಪಸ್ ಬರುತ್ತವೆ, ಜಾಸ್ತಿ ಕ್ಯಾಶ್ ಆನ್ ಡೆಲಿವರಿಯವೇ. ಉಳಿದ 80ರಲ್ಲಿ ಸೀರೆಯ ಅಸಲು, ಕೊರಿಯರ್, ಪ್ಯಾಕಿಂಗ್ ಎಲ್ಲ ಕಳೆದು ಒಂದಕ್ಕೆ 680 ರೂಪಾಯಿ ಕೈಗೆ ಸಿಗುತ್ತದೆ. ವಾಪಸ್ ಬಂದ ಒಂದೊಂದಕ್ಕೂ ಹೋಗಿ ಬರುವ ಕೊರಿಯರ್ 180 ರೂಪಾಯಿ ನಮ್ಮ ತಲೆಯ ಮೇಲೆ.

```
80 × 680 = 54,400
20 × 180 =  3,600
ಉಳಿದದ್ದು   = 50,800
2,00,000 ÷ 50,800 = 3.94
```

ಅಂದರೆ 3.94ಕ್ಕಿಂತ ಕಡಿಮೆ ಇದ್ದರೆ ಜಾಹೀರಾತು ಕೈಯಿಂದ ಹಣ ತಿನ್ನುತ್ತಿದೆ. ನಾವು ಅಲ್ಲಿಯವರೆಗೆ 3 ಬಂದರೆ ಖುಷಿಪಡುತ್ತಿದ್ದೆವು.

ಆಮೇಲೆ ನಿಜವಾದ ಪ್ರಶ್ನೆ. ನಮ್ಮ ಅಂಗಡಿಯ ಹೆಸರು ಹುಡುಕಿದವರಿಗೆ ತೋರಿಸುವ ಗೂಗಲ್ ಜಾಹೀರಾತಿಗೆ ತಿಂಗಳಿಗೆ 60,000 ಖರ್ಚು, ರೋಆಸ್ 11. ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿದ್ದದ್ದು ಇದೇ. ಆದರೆ ಹೆಸರು ಹಿಡಿದು ಹುಡುಕುವವರು ಜಾಹೀರಾತು ಇಲ್ಲದಿದ್ದರೂ ಅದರ ಕೆಳಗಿನ ನಮ್ಮ ಲಿಂಕ್ ಒತ್ತಿ ಬರುತ್ತಿದ್ದರಲ್ವಾ? ಯಾವ ಮಾರಾಟ ಯಾವ ಜಾಹೀರಾತಿನದು ಅಂತ ಲೆಕ್ಕ ಹಾಕುವ ಯಾವ ಅಟ್ರಿಬ್ಯೂಷನ್ ಮಾಡೆಲ್ಲೂ ಇದನ್ನು ಹೇಳುವುದಿಲ್ಲ. ಮಾಡೆಲ್ ಹಂಚುವುದು ಆಗಿಹೋದ ಮಾರಾಟವನ್ನು. ಜಾಹೀರಾತು ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಅದನ್ನು ನಿಲ್ಲಿಸಿಯೇ ನೋಡಬೇಕು.

ಎಲ್ಲ ಕಡೆ ಒಟ್ಟಿಗೆ ನಿಲ್ಲಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಅದಕ್ಕೆ ಮಹಾರಾಷ್ಟ್ರ, ತೆಲಂಗಾಣದಲ್ಲಿ ಮಾತ್ರ ನಿಲ್ಲಿಸಿ, ಕರ್ನಾಟಕ ಮತ್ತು ಆಂಧ್ರದಲ್ಲಿ ಮುಂದುವರಿಸಿದೆ. ಊರುಗಳನ್ನು ಆರಿಸದೆ ರಾಜ್ಯಗಳನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಮೊಬೈಲ್ ಇಂಟರ್‌ನೆಟ್‌ನಲ್ಲಿ ಸಣ್ಣ ಊರಿನವರು ಎಷ್ಟೋ ಸಲ ದೊಡ್ಡ ಸಿಟಿಯವರಾಗಿ ಕಾಣುತ್ತಾರೆ. ಊರಿನ ಲೆಕ್ಕ ಸೋರಿಹೋಗುತ್ತದೆ.

ಮೊದಲ ಸಲ ಆಗಸ್ಟ್‌ನಲ್ಲಿ ಮಾಡಿ ಕೆಡಿಸಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕರ್ನಾಟಕದಲ್ಲಿ ಸೀರೆ ಮಾರಾಟ ಏರಿತು, ಮಹಾರಾಷ್ಟ್ರದಲ್ಲಿ ಏರಲಿಲ್ಲ. ಜಾಹೀರಾತು ನಿಲ್ಲಿಸಿದ್ದರಿಂದಲೇ ಅಲ್ಲಿ ಮಾರಾಟ ಬಿತ್ತು ಅಂತ ಕಾಗದದ ಮೇಲೆ ಕಾಣುತ್ತಿತ್ತು. ಹಿಂದಿನ ವರ್ಷದ ಅದೇ ವಾರಗಳನ್ನು ತೆಗೆದು ನೋಡಿದಾಗ ಅಲ್ಲೂ ಅದೇ ಅಂತರ ಇತ್ತು. ಆ ಅಂಕಿ ಬಿಸಾಕಿ ದೀಪಾವಳಿ ಮುಗಿಯುವವರೆಗೆ ಕಾದೆ.

ಎರಡನೇ ಸಲ ನಾಲ್ಕು ವಾರ. ಅದಕ್ಕೂ ಮುಂಚೆ, ಹಬ್ಬದ ವಾರಗಳನ್ನು ಬಿಟ್ಟು ನೋಡಿದರೆ, ಕರ್ನಾಟಕ-ಆಂಧ್ರದಲ್ಲಿ 100 ಆರ್ಡರ್ ಬಂದಾಗ ಮಹಾರಾಷ್ಟ್ರ-ತೆಲಂಗಾಣದಿಂದ 40 ಬರುತ್ತಿತ್ತು. ಪರೀಕ್ಷೆಯಲ್ಲಿ ಕರ್ನಾಟಕ-ಆಂಧ್ರದಲ್ಲಿ 700 ಬಂದವು, ಹಾಗಾಗಿ ಜಾಹೀರಾತು ನಿಲ್ಲಿಸಿದ ಕಡೆ 280 ಬರಬೇಕಿತ್ತು. ಬಂದದ್ದು 271. ಹೋದದ್ದು 9 ಆರ್ಡರ್, ಅಂದರೆ 18,000 ರೂಪಾಯಿ ಮಾರಾಟ. ಉಳಿತಾಯವಾದ ಜಾಹೀರಾತು ಖರ್ಚು 15,000. ನಿಜವಾದ ರೋಆಸ್ 1.2. ಅದೇ 15,000ಕ್ಕೆ ಡ್ಯಾಶ್‌ಬೋರ್ಡ್ ಸುಮಾರು 82 ಆರ್ಡರ್ ತನ್ನದು ಅನ್ನುತ್ತಿತ್ತು.

9 ತೀರಾ ಸಣ್ಣ ಸಂಖ್ಯೆ. ಏನೂ ಮಾಡದ ತಿಂಗಳುಗಳಲ್ಲೇ ನಮ್ಮ ಅಂದಾಜು 15 ಆರ್ಡರ್ ಆಚೆ ಈಚೆ ಆಗುತ್ತದೆ. ಹಾಗಾಗಿ ಕೆಟ್ಟದ್ದನ್ನೇ ಹಿಡಿದೆ: 24 ಆರ್ಡರ್ ಹೋಗಿದ್ದರೂ ರೋಆಸ್ 3.2. ಆಗಲೂ 3.94ಕ್ಕಿಂತ ಕೆಳಗೇ. ಅನಲಿಟಿಕ್ಸ್‌ನಲ್ಲಿ ಆ ಎರಡು ರಾಜ್ಯಗಳ `google / organic`, ಅಂದರೆ ಜಾಹೀರಾತು ಒತ್ತದೆ ಗೂಗಲ್‌ನಿಂದ ಬಂದ ಆರ್ಡರ್ ಏರಿದ್ದೂ ಕಂಡಿತು. ಜನ ಕೆಳಗಿನ ಲಿಂಕ್ ಒತ್ತಿ ಬಂದಿದ್ದರು. ಒಂದು ಎಚ್ಚರಿಕೆ ಇದೆ. ನಮ್ಮ ಹೆಸರಿನ ಮೇಲೆ ಬೇರೆ ಯಾವ ಅಂಗಡಿಯೂ ಜಾಹೀರಾತು ಹಾಕುತ್ತಿರಲಿಲ್ಲ. ಹಾಕುವವರಿದ್ದರೆ ಫಲಿತಾಂಶ ಪೂರ್ತಿ ಬೇರೆ ಆಗಬಹುದು. ಅದಕ್ಕೆ ಈಗಲೂ ವಾರಕ್ಕೊಮ್ಮೆ ಗೂಗಲ್‌ನಲ್ಲಿ ನಮ್ಮ ಹೆಸರು ಹುಡುಕಿ ನೋಡುತ್ತೇನೆ.

ಜನವರಿಯಲ್ಲಿ ಇದೇ ರೀತಿ ಇನ್‌ಸ್ಟಾಗ್ರಾಮ್ ಪರೀಕ್ಷೆ. ನಮ್ಮನ್ನು ಗೊತ್ತಿಲ್ಲದವರಿಗೆ ತೋರಿಸುವ ರೀಲ್ ಜಾಹೀರಾತಿನ ರೋಆಸ್ 3.1 ಮಾತ್ರ. ಯಜಮಾನರು ಇದನ್ನೇ ಮೊದಲು ನಿಲ್ಲಿಸಬೇಕು ಅನ್ನುತ್ತಿದ್ದರು. ಅದೇ ಎರಡು ರಾಜ್ಯದಲ್ಲಿ ನಿಲ್ಲಿಸಿದಾಗ 290 ಬರಬೇಕಾದಲ್ಲಿ 185 ಬಂತು. 105 ಆರ್ಡರ್ ಹೋಯಿತು. ಉಳಿತಾಯವಾದ ಖರ್ಚು 50,000, ನಿಜವಾದ ರೋಆಸ್ 4.2. ಡ್ಯಾಶ್‌ಬೋರ್ಡ್ ಇದಕ್ಕೆ 77 ಆರ್ಡರ್ ಮಾತ್ರ ಕೊಡುತ್ತಿತ್ತು. ಉಳಿದವರು ಗದಗದ ಆ ಹೆಂಗಸಿನ ಥರವೇ, ಆದರೆ ರೀಲ್ ಒತ್ತದೆ ಸುಮ್ನೆ ನೋಡಿ, ದಿನ ಕಳೆದು, ಹೆಸರು ಟೈಪ್ ಮಾಡಿ ಬರುವವರು. ರೀಲ್ ನಿಂತ ಎರಡನೇ ವಾರದಿಂದ ಅಲ್ಲಿ ಗೂಗಲ್‌ನಿಂದ ಬರುವವರೂ ಕಡಿಮೆಯಾದರು. 15ರ ಏರುಪೇರು ಇಲ್ಲೂ ಇದೆ, ಹಾಗಾಗಿ ನಿಜ 3.6ರಿಂದ 4.8ರ ನಡುವೆ. ಲಾಭ ಖಂಡಿತ ಅಂತ ನಾನು ಹೇಳಲಾರೆ. ಆದರೆ ಇವರಲ್ಲಿ ಹೆಚ್ಚಿನವರು ಹೊಸ ಗಿರಾಕಿಗಳು, ಕೆಲವರು ಮತ್ತೆ ಬರುತ್ತಾರೆ. ಅದಕ್ಕೆ ಉಳಿಸಿಕೊಂಡೆವು.

ಹೆಸರಿನ ಜಾಹೀರಾತನ್ನು ಎಲ್ಲ ಕಡೆ ನಿಲ್ಲಿಸಿ, ಆ ಹಣದಲ್ಲಿ ಅರ್ಧ ರೀಲ್‌ಗೆ ಹಾಕಿದ್ದೇವೆ. ಕೂಪನ್ ಬಾಕ್ಸನ್ನು ಒಂದು ಸಣ್ಣ ಲಿಂಕ್ ಹಿಂದೆ ಮುಚ್ಚಿಟ್ಟಿದ್ದೇವೆ. ಸೀರೆ ಬುಟ್ಟಿಗೆ ಹಾಕಿದ ಮೇಲೆ ಆ ಸೈಟ್‌ಗೆ ಹೋಗಿ ಬಂದವರಿಗೆ ಈಗ ಕಮಿಷನ್ ಇಲ್ಲ. ಒಮ್ಮೆ ಬಂದು ಹೋದವರನ್ನು ಹಿಂಬಾಲಿಸುವ ಇನ್‌ಸ್ಟಾಗ್ರಾಮ್ ಜಾಹೀರಾತು ಮಾತ್ರ ಇನ್ನೂ 7.6 ತೋರಿಸುತ್ತಿದೆ. ಅದನ್ನು ನಾನು ನಂಬಿಲ್ಲ. ಯುಗಾದಿ ಮುಗಿದ ಮರುವಾರ ಅದನ್ನೂ ಎರಡು ರಾಜ್ಯದಲ್ಲಿ ನಿಲ್ಲಿಸುತ್ತೇನೆ.