ಬೆಳಗಿನ ರೇಡಿಯೋದ ಮೊದಲ ಅರ್ಧ ನಿಮಿಷ

ರೇಡಿಯೋ ಕೇಳುವವರು ಸಾವಿರಾರು ಜನ ಇರಬಹುದು. ಆದರೆ ಬೆಳಿಗ್ಗೆ ಆರು ಗಂಟೆಗೆ ಯಾರೂ ಗುಂಪಾಗಿ ಕೂತು ಕೇಳುವುದಿಲ್ಲ. ಅಡುಗೆಮನೆಯಲ್ಲಿ ಒಬ್ಬರು, ಕೊಟ್ಟಿಗೆಯಲ್ಲಿ ಒಬ್ಬರು, ದೇವಿಮನೆ ಘಾಟಿ ಇಳಿಯುತ್ತಿರುವ ಗಾಡಿಯಲ್ಲಿ ಇನ್ನೊಬ್ಬರು. ಕಾರವಾರದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವಾಗ ನಾನು ಇದನ್ನೇ ಹಿಡಿದುಕೊಂಡು ಹೋಗುತ್ತೇನೆ. ಮಾತು ಒಬ್ಬರಿಗೆ. ಹಾಗಾಗಿ 'ಪ್ರಿಯ ಕೇಳುಗರೇ', 'ನಿಮ್ಮೆಲ್ಲರಿಗೂ', 'ನಮ್ಮ ಎಲ್ಲ ಬಾಂಧವರಿಗೂ' ಎನ್ನುವುದನ್ನೆಲ್ಲ ಆರಂಭದಿಂದ ತೆಗೆದುಬಿಟ್ಟೆ. ಬರೀ 'ನೀವು' ಸಾಕು. ಎದುರು ಕೂತ ಹಿರಿಯರಿಗೂ ನಾವು ಅದನ್ನೇ ಹೇಳುತ್ತೇವಲ್ವಾ.

ಆದರೆ ಬರೀ ಸಂಬೋಧನೆ ಬದಲಾಯಿಸಿದರೆ ಏನೂ ಆಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ತೊಡಕು ಬೇರೆಯೇ ಇದೆ. ಕೆಳಗೆ ಕಡಲು, ಮೇಲೆ ಘಟ್ಟ. ಬೈತಖೋಲ್ ಬಂದರಿನಲ್ಲಿ ಬೋಟು ತೊಳೆಯುತ್ತಿರುವವರ ಬೆಳಗು ಒಂದು ಥರ, ಶಿರಸಿ ಕಡೆಯ ಅಡಿಕೆ ತೋಟದ ಬೆಳಗು ಇನ್ನೊಂದು ಥರ. ಒಬ್ಬರಿಗೆ ತೀರಾ ಹತ್ತಿರವಾಗಿ ಮಾತಾಡಿದರೆ ಇನ್ನೊಬ್ಬರು 'ಇದು ನಮಗಲ್ಲ' ಅಂದುಕೊಳ್ಳುತ್ತಾರೆ. ಇಬ್ಬರಿಗೂ ಹೊಂದುವ ಹಾಗೆ ಸಪ್ಪೆಯಾಗಿ ಮಾತಾಡಿದರೆ ಯಾರಿಗೂ ತಾಗುವುದಿಲ್ಲ.

ಆಗಸ್ಟ್ 1ರ ಬೆಳಗನ್ನೇ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅದು ಮುಗಿದ ಮರುದಿನ ಇದು. ಇಂಥ ದಿನ ಸಾಮಾನ್ಯವಾಗಿ ಆರಂಭ ಹೀಗಿರುತ್ತದೆ: 'ಶುಭೋದಯ ಪ್ರಿಯ ಕೇಳುಗರೇ. ನಿಷೇಧದ ಅವಧಿ ಮುಗಿದು ಇಂದಿನಿಂದ ನಮ್ಮ ಮೀನುಗಾರರು ಮತ್ತೆ ಕಡಲಿಗೆ ಇಳಿಯಲಿದ್ದಾರೆ. ಅವರಿಗೆ ಶುಭ ಹಾರೈಸೋಣ.'

ಇದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ, ಪ್ರೀತಿಯೂ ಇದೆ. ಆದರೆ 'ಮೀನುಗಾರರು', 'ಅವರಿಗೆ' ಅಂದ ತಕ್ಷಣ, ಬಂದರಿನಲ್ಲಿ ರೇಡಿಯೋ ಹಚ್ಚಿ ಕೂತವರು ಮಾತಿನಿಂದ ಹೊರಗೆ ಹೋದರು. ಅವರ ಬಗ್ಗೆ ನಾನು ಬೇರೆ ಯಾರಿಗೋ ಹೇಳುತ್ತಿದ್ದೇನೆ ಅಂತ ಆಯಿತು. ಶಿರಸಿಯ ತೋಟದವರಿಗೂ ಇದು ದೂರದ ಸುದ್ದಿಯೇ. ಯಾರ ದಿನವೋ ಅವರಿಗೂ ಇಲ್ಲ, ಉಳಿದವರಿಗೂ ಇಲ್ಲ.

ನಾನು ಹಿಂದಿನ ರಾತ್ರಿಯೇ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಆ ದಿನಕ್ಕೆ ಬೋಟಿನವರು. ಅವರು ಎದ್ದವರೇ ಮೊದಲು ಏನು ಮಾಡುತ್ತಾರೆ? ಹೊರಗೆ ಬಂದು ಆಕಾಶ ನೋಡುತ್ತಾರೆ. ಗಾಳಿ ಹೇಗಿದೆ, ಕಡಲಿಗೆ ಇಳಿಯಬಹುದಾ ಅಂತ. ಇದೇ ಹೊತ್ತಿಗೆ ಘಟ್ಟದ ಮೇಲೆ ಯಾರು ಆಕಾಶ ನೋಡುತ್ತಾರೆ? ಅಡಿಕೆಗೆ ಕೊಳೆ ಬಾರದ ಹಾಗೆ ಮದ್ದು ಹೊಡೆಸಬೇಕಾದವರು. ಮಳೆ ಹೊಳವಾದರೆ ಮಾತ್ರ ಬೋರ್ಡೋ ಮದ್ದು ಹೊಡೆಯಬಹುದು, ಕೊನೆಗೌಡರೂ ಆಗಲೇ ಮರ ಹತ್ತುವುದು. ಕಾರಣ ಬೇರೆ ಬೇರೆ, ಆದರೆ ಇಬ್ಬರೂ ಮಾಡುವುದು ಒಂದೇ ಕೆಲಸ. ಬಟ್ಟೆ ಒಣಹಾಕುವವರೂ ಅದನ್ನೇ ಮಾಡುತ್ತಾರೆ. ಆರಂಭದ ವಾಕ್ಯ ನನಗೆ ಅಲ್ಲಿ ಸಿಗುತ್ತದೆ:

'ನಮಸ್ಕಾರ. ಆರು ಗಂಟೆ ಐದು ನಿಮಿಷ. ಆಗಲೇ ಹೊರಗೆ ಬಂದು ಆಕಾಶ ನೋಡಿದ್ರಾ? ಕಾರವಾರದಲ್ಲಿ ನಾನು ಕೂತ ಕಡೆ ಮಳೆ ಸ್ವಲ್ಪ ಬಿಟ್ಟಿದೆ. ಎರಡು ತಿಂಗಳು ದಡದಲ್ಲಿದ್ದ ಬೋಟನ್ನು ಇವತ್ತು ಇಳಿಸಬೇಕು ಅಂತಿದ್ದರೆ ಒಂದೈದು ನಿಮಿಷ ನಿಲ್ಲಿ, ಹವಾಮಾನದ ಎಚ್ಚರಿಕೆ ಓದುತ್ತೇನೆ, ಕೇಳಿಕೊಂಡೇ ಹೊರಡಿ. ತೋಟಕ್ಕೆ ಮದ್ದು ಹೊಡೆಸೋದಿದ್ದರೂ ಅದು ಬೇಕಾಗುತ್ತದೆ.'

ನಿಧಾನವಾಗಿ ಓದಿದರೂ ಇದು ಅರ್ಧ ನಿಮಿಷದ ಒಳಗೇ ಮುಗಿಯುತ್ತದೆ. 'ನಾನು ಕೂತ ಕಡೆ' ಎನ್ನುವುದನ್ನು ಬಿಡಬಾರದು. ಕಾರವಾರದಲ್ಲಿ ಮಳೆ ನಿಂತಿದ್ದರೆ ಶಿರಸಿಯಲ್ಲಿ ನಿಂತಿರಬೇಕು ಅಂತ ಇಲ್ಲ. ಸುರಿಯುವ ಮಳೆಯಲ್ಲಿ ನಿಂತವರಿಗೆ ರೇಡಿಯೋ 'ಮಳೆ ನಿಂತಿದೆ' ಅಂದರೆ, ಇವರಿಗೆ ನಾವೆಲ್ಲಿ ಗೊತ್ತು ಅಂತ ಅನಿಸಿಬಿಡುತ್ತದೆ. ಹಾಗೇ 'ಸೊಗಸಾದ ಮಳೆ, ಬಿಸಿ ಚಾ ಕುಡಿಯುತ್ತಾ ಕೂತಿದ್ದೀರಿ' ಎನ್ನುವ ಮಾತನ್ನೂ ನಾನು ಆಡುವುದಿಲ್ಲ. ಮದ್ದು ಹೊಡೆಸಲಾಗದೆ ಕೊಳೆಯ ಚಿಂತೆಯಲ್ಲಿದ್ದವರಿಗೆ ಆ ಮಳೆ ಸೊಗಸಲ್ಲ. ಕೇಳುವವರು ಏನು ಮಾಡುತ್ತಿದ್ದಾರೆ ಅಂತ ನಾನೇ ಹೇಳಿಬಿಟ್ಟರೆ, ಅದನ್ನು ಮಾಡದೇ ಇದ್ದವರಿಗೆಲ್ಲ ಬಾಗಿಲು ಹಾಕಿದ ಹಾಗೆ. ಪ್ರಶ್ನೆ ಕೇಳಿದರೆ ತೆರೆದಿರುತ್ತದೆ.

ಕೇಳಿದ ಮೇಲೆ ಒಂದು ಸೆಕೆಂಡು ಸುಮ್ಮನಿರಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. 'ನೋಡಿದ್ರಾ?' ಅಂದು ಉಸಿರೂ ಬಿಡದೆ ಮುಂದಿನ ವಾಕ್ಯಕ್ಕೆ ಹೋದರೆ, ಉತ್ತರ ಬೇಕಾಗಿಲ್ಲದ ಪ್ರಶ್ನೆ ಅಂತ ಗೊತ್ತಾಗಿಬಿಡುತ್ತದೆ. ಆ ಒಂದು ಸೆಕೆಂಡಿನಲ್ಲಿ ಕೇಳುವವರು ಮನಸ್ಸಿನಲ್ಲೇ 'ಹ್ಞಾಂ, ನೋಡಿದೆ' ಅನ್ನುತ್ತಾರೆ. ಪ್ರಶ್ನೆಯೂ ಅಷ್ಟಕ್ಕೆ ತಕ್ಕ ಹಾಗೆ ಚಿಕ್ಕದಿರಬೇಕು. 'ಜೀವನದಲ್ಲಿ ನಿಮಗೆ ಖುಷಿ ಕೊಡುವುದು ಯಾವುದು?' ಅಂತ ಬೆಳಿಗ್ಗೆ ಆರಕ್ಕೆ ಕೇಳಿದರೆ ಯಾರು ಉತ್ತರ ಹೇಳುತ್ತಾರೆ?

ಇಷ್ಟೆಲ್ಲ ಬರೆದುಕೊಂಡರೂ ದನಿ ಭಾಷಣದ ಹಾಗೆ ಬಂದರೆ ಮುಗಿಯಿತು. ನಾನು ಮೈಕಿನಿಂದ ಗೇಣು ದೂರ ಕೂರುತ್ತೇನೆ, ಬಾಯಿ ನೇರ ಮೈಕಿಗೆ ಇರದೆ ಸ್ವಲ್ಪ ಓರೆಯಾಗಿರುತ್ತದೆ. ಇಲ್ಲದಿದ್ದರೆ 'ಪ', 'ಬ' ಬಂದಲ್ಲೆಲ್ಲ ಉಸಿರು ಮೈಕಿಗೆ ಹೊಡೆಯುತ್ತದೆ. ಒಂದು ದಿಕ್ಕಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಮೈಕುಗಳಲ್ಲಿ ಹತ್ತಿರ ಹೋದಷ್ಟೂ ದನಿ ದಪ್ಪವಾಗುತ್ತದೆ. ಆಪ್ತವಾಗಿ ಕೇಳಲಿ ಅಂತ ತೀರಾ ಹತ್ತಿರ ಹೋದರೆ ಮಾತು ಗುಂಯ್ ಅನ್ನುತ್ತದೆ. ಅಡುಗೆಮನೆಯ ಚಿಕ್ಕ ರೇಡಿಯೋದಲ್ಲಿ ಕುಕ್ಕರ್ ಸದ್ದಿನ ನಡುವೆ ಅದು ಅರ್ಥವೂ ಆಗುವುದಿಲ್ಲ. ಹೆಡ್‌ಫೋನನ್ನು ಒಂದು ಕಿವಿಯಿಂದ ಸ್ವಲ್ಪ ಸರಿಸಿಕೊಳ್ಳುತ್ತೇನೆ. ಎರಡೂ ಕಿವಿಯಲ್ಲಿ ನನ್ನ ದನಿಯೇ ತುಂಬಿಕೊಂಡರೆ ಗೊತ್ತಿಲ್ಲದೇ ಅದನ್ನು ಚಂದ ಮಾಡಲು ಹೊರಡುತ್ತೇನೆ. ಆಗ ಎದುರಿನವರು ಮರೆತುಹೋಗುತ್ತಾರೆ. ಇನ್ನು, ಮೈಕಿನ ದನಿ ತೆರೆಯುವ ಫೇಡರ್ ಏರಿಸುವ ಮೊದಲೇ ಉಸಿರು ತೆಗೆದುಕೊಂಡಿರಬೇಕು.

ಮೊದಲ ವಾಕ್ಯವನ್ನು ಮಾತ್ರ ಪೂರ್ತಿ ಬರೆದು ಬಾಯಿಪಾಠ ಮಾಡುತ್ತೇನೆ. ಉಳಿದದ್ದಕ್ಕೆ ಚೀಟಿಯಲ್ಲಿ ಮೂರು ಪದ: ಆಕಾಶ, ಬೋಟು, ಮದ್ದು. ಕಾರವಾರದಲ್ಲಿ ಕೊಂಕಣಿ ಮನೆಮಾತಾಗಿರುವ ಮನೆಗಳು ಬಹಳ. ಅದಕ್ಕಾಗಿಯೂ ಕನ್ನಡ ಸಣ್ಣ ಸಣ್ಣ ವಾಕ್ಯದಲ್ಲಿರಬೇಕು.

ಹುಟ್ಟುಹಬ್ಬದ ಹೆಸರುಗಳನ್ನು ಆರಂಭದಲ್ಲಿ ಓದುವುದಿಲ್ಲ. ಹತ್ತು ಹೆಸರು ಓದಿದರೆ ಹತ್ತು ಮನೆಗೆ ಖುಷಿ, ಉಳಿದವರಿಗೆಲ್ಲ ಹಾಜರಿ ಪುಸ್ತಕ. ಅದಕ್ಕೆ ಎರಡು ಹಾಡು ಆದ ಮೇಲೆ ಜಾಗ ಇದೆ.

ಇದು ಫಲಿಸಿತಾ ಅಂತ ತಿಳಿಯಲು ಎರಡು ದಾರಿ ಇಟ್ಟುಕೊಂಡಿದ್ದೇನೆ. ರೆಕಾರ್ಡಿಂಗ್ ಹಾಕಿಕೊಂಡು, ಪ್ರತಿ ವಾಕ್ಯವನ್ನೂ ಮೇಜಿನ ಆಚೆ ಕೂತ ಒಬ್ಬರಿಗೆ ಹೇಳಬಹುದಾ ಅಂತ ನೋಡುತ್ತೇನೆ. 'ಬನ್ನಿ, ಎಲ್ಲರೂ ಸೇರಿ ದಿನವನ್ನು ಆರಂಭಿಸೋಣ' ಅಂತ ಒಬ್ಬರ ಎದುರು ಯಾರೂ ಹೇಳುವುದಿಲ್ಲ, ಅಂಥದ್ದು ಮರುದಿನ ಹೋಗುತ್ತದೆ. ಇನ್ನೊಂದು, ಬರುವ ಮೆಸೇಜು. 'ಕಾರ್ಯಕ್ರಮ ಚೆನ್ನಾಗಿ ಬರ್ತಿದೆ' ಅಂತ ಬಂದರೆ ಸಂತೋಷ, ಆದರೆ ಅದು ದೂರದಿಂದ ನೋಡಿದವರ ಮಾತು. 'ಇಲ್ಲಿನ್ನೂ ಹೊಳವಾಗಿಲ್ಲ, ಮೋಡ ಹಾಗೇ ಇದೆ' ಅಂತ ಬಂದರೆ ಅವರು ನನಗೆ ಉತ್ತರ ಕೊಟ್ಟಿದ್ದಾರೆ. ಅದನ್ನು ಮುಂದಿನ ಹಾಡು ಮುಗಿದ ಕೂಡಲೇ ಊರಿನ ಹೆಸರು ಹೇಳಿ ಓದುತ್ತೇನೆ.

ಏಳು ಗಂಟೆಗೆ ಮತ್ತೆ ಹೊಸದಾಗಿ ಶುರು ಮಾಡಬೇಕು. ಬೋಟಿನವರು ಅಷ್ಟರಲ್ಲಿ ಹೊರಟಿರುತ್ತಾರೆ. ಆಗ ಕೇಳುತ್ತಿರುವುದು ಮಕ್ಕಳ ಡಬ್ಬಿ ಕಟ್ಟುತ್ತಿರುವವರು, ಬಸ್ಸಿಗೆ ಓಡುವವರು. ಅವರಿಗೆ ಆಕಾಶ ಬೇಡ, ಗಡಿಯಾರ ಬೇಕು. ಆ ಚೀಟಿಯನ್ನು ಬೇರೆಯೇ ಬರೆದಿಟ್ಟುಕೊಂಡಿರುತ್ತೇನೆ.